ವೊರ್ಟೆಕ್ಸ್ ಗೆರೆಗಳ ಕ್ರಾಸ್: ಮುಕ್ತಾಯವನ್ನು ನಂಬಬೇಕೋ, ತಳ ಮುರಿಯುವವರೆಗೆ ಕಾಯಬೇಕೋ?

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಬೆಳೆಗಾರರಲ್ಲಿ ಮೊಬೈಲಿನಲ್ಲಿ ನ್ಯೂಯಾರ್ಕ್ ಅರೇಬಿಕಾ ಚಾರ್ಟ್ ನೋಡುವವರು ಈಗ ಕಡಿಮೆಯೇನಿಲ್ಲ. ಪಾರ್ಚ್‌ಮೆಂಟ್ ಚೀಲ ಗೋದಾಮಿನಲ್ಲಿದೆ. ಇನ್ನೂ ಹಿಡಿದಿಡಬೇಕೋ, ಒಂದಿಷ್ಟು ಕೊಟ್ಟುಬಿಡಬೇಕೋ ಎಂಬ ಪ್ರಶ್ನೆಗೆ ಚಾರ್ಟಿನ ಕೆಳಗೆ ಎರಡು ಬಣ್ಣದ ಗೆರೆ ಹಾಕಿಕೊಂಡು, ಅವು ಒಂದನ್ನೊಂದು ದಾಟಿದ ದಿನ ತೀರ್ಮಾನ ಮಾಡುವುದು ಸುಲಭವಾಗಿ ಕಾಣುತ್ತದೆ. ವೊರ್ಟೆಕ್ಸ್ ಇಂಡಿಕೇಟರ್ ಅಂಥ ಗೆರೆಗಳ ಜೋಡಿ. ಆದರೆ ಅದೇ ಕ್ರಾಸನ್ನು ಮೂರು ಬಗೆಯಲ್ಲಿ ಓದಬಹುದು, ಮೂರೂ ಬೇರೆ ಬೇರೆ ದಿನ ಬೇರೆ ಬೇರೆ ಉತ್ತರ ಕೊಡುತ್ತವೆ. ಜೊತೆಗೆ ಇದರ ಬದಲು ಇಂಥದೇ ಇನ್ನೊಂದು ಹಳೆಯ ಗೆರೆಗಳ ಜೋಡಿಯಾದ ಡಿಎಂಐ ಹಾಕಿಕೊಳ್ಳುವುದೇ ಮೇಲು ಎನ್ನುವ ಸಂದರ್ಭಗಳೂ ಇವೆ. ಯಾವಾಗ ಯಾವುದು ಎಂದು ಹೇಳಬೇಕಾದರೆ ಗೆರೆ ಹೇಗೆ ಹುಟ್ಟುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು.

ಗೆರೆ ಹುಟ್ಟುವ ಬಗೆ

2010ರಲ್ಲಿ ಎಟಿಯೆನ್ ಬೋಟೆಸ್ ಮತ್ತು ಡಗ್ಲಸ್ ಸೀಪ್‌ಮನ್ ಇದನ್ನು ಪ್ರಕಟಿಸಿದರು. ವೊರ್ಟೆಕ್ಸ್ ಎಂದರೆ ಸುಳಿ, ನೀರಿನ ಸುಳಿಗಳನ್ನು ಅಭ್ಯಾಸ ಮಾಡಿದ ಆಸ್ಟ್ರಿಯಾದ ವಿಕ್ಟರ್ ಶೌಬರ್ಗರ್ ಅವರಿಂದ ಹೆಸರು ಬಂತು. ಲೆಕ್ಕದ ಬೇರು ಮಾತ್ರ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ಟ್ರೂ ರೇಂಜ್ ಮತ್ತು ದಿಕ್ಕಿನ ಚಲನೆಯಲ್ಲಿದೆ. ಸುಳಿಯ ಕಥೆಯನ್ನು ಬಿಟ್ಟರೂ ಲೆಕ್ಕಕ್ಕೆ ಏನೂ ಕೊರತೆಯಾಗುವುದಿಲ್ಲ.

ಪ್ರತಿ ದಿನಕ್ಕೆ ಮೂರು ಅಳತೆ. ಇಂದಿನ ಗರಿಷ್ಠದಿಂದ ನಿನ್ನೆಯ ಕನಿಷ್ಠಕ್ಕೆ ಇರುವ ದೂರ ಮೇಲ್ಮುಖ ಚಲನೆ, ಅಂದರೆ VM+. ಇಂದಿನ ಕನಿಷ್ಠದಿಂದ ನಿನ್ನೆಯ ಗರಿಷ್ಠಕ್ಕೆ ಇರುವ ದೂರ ಕೆಳಮುಖ ಚಲನೆ, VM-. ಎರಡರಲ್ಲೂ ದೂರ ಮಾತ್ರ ಲೆಕ್ಕ, ಮೈನಸ್ ಚಿಹ್ನೆ ಬಂದರೆ ತೆಗೆದುಹಾಕುವುದು. ಮೂರನೆಯದು ಟ್ರೂ ರೇಂಜ್: ಇಂದಿನ ಗರಿಷ್ಠ–ಕನಿಷ್ಠದ ಅಂತರ, ಇಂದಿನ ಗರಿಷ್ಠಕ್ಕೂ ನಿನ್ನೆಯ ಮುಕ್ತಾಯಕ್ಕೂ ಇರುವ ದೂರ, ಇಂದಿನ ಕನಿಷ್ಠಕ್ಕೂ ನಿನ್ನೆಯ ಮುಕ್ತಾಯಕ್ಕೂ ಇರುವ ದೂರ, ಇವುಗಳಲ್ಲಿ ದೊಡ್ಡದು. 14 ದಿನದ VM+ ಕೂಡಿ 14 ದಿನದ ಟ್ರೂ ರೇಂಜ್ ಮೊತ್ತದಿಂದ ಭಾಗಿಸಿದರೆ VI+ ಗೆರೆ. VM- ಕೂಡಿ ಅದೇ ಮೊತ್ತದಿಂದ ಭಾಗಿಸಿದರೆ VI-. ಶೀಟಿನಲ್ಲಿ B ಗರಿಷ್ಠ, C ಕನಿಷ್ಠ, D ಮುಕ್ತಾಯ, 2ನೇ ಸಾಲಿನಿಂದ ಅಂಕಿ ಶುರು ಎಂದಿಟ್ಟುಕೊಂಡರೆ:

```
E3:  =ABS(B3-C2)
F3:  =ABS(C3-B2)
G3:  =MAX(B3-C3,ABS(B3-D2),ABS(C3-D2))
H16: =SUM(E3:E16)/SUM(G3:G16)
I16: =SUM(F3:F16)/SUM(G3:G16)
```

ಪ್ರತಿ ಸೂತ್ರವನ್ನೂ ಕೆಳಗಿನ ಸಾಲುಗಳಿಗೆ ಎಳೆಯಿರಿ. H ಕಾಲಮ್ಮು VI+, I ಕಾಲಮ್ಮು VI-. ಒಮ್ಮೆ ಈ ಶೀಟ್ ಮಾಡಿ ಚಾರ್ಟಿನ ಅಂಕಿಯ ಜೊತೆ ತಾಳೆ ನೋಡುವುದು ಒಳ್ಳೆಯದು. ಹೊಂದದಿದ್ದರೆ ಬಹುತೇಕ ಸಲ ತಪ್ಪು ಒಂದೇ: ಟ್ರೂ ರೇಂಜ್ ಜಾಗದಲ್ಲಿ ಬರೀ ಗರಿಷ್ಠ–ಕನಿಷ್ಠ ಹಾಕಿರುತ್ತಾರೆ.

ಏಳು ದಿನದ ಒಂದು ಲೆಕ್ಕ

ಕೈಯಲ್ಲೇ ಮಾಡಬಹುದಾದಷ್ಟು ಚಿಕ್ಕದಾಗಿರಲಿ ಎಂದು 14ರ ಬದಲು 3 ದಿನದ ವೊರ್ಟೆಕ್ಸ್ ತೆಗೆದುಕೊಳ್ಳೋಣ. ಬೆಲೆ ಪೌಂಡಿಗೆ ಸೆಂಟಿನಲ್ಲಿ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟವು, ಯಾವುದೋ ವಾರದ ನಿಜವಾದ ಬೆಲೆಯಲ್ಲ.

| ದಿನ | ಗರಿಷ್ಠ | ಕನಿಷ್ಠ | ಮುಕ್ತಾಯ | VM+ | VM- | ಟ್ರೂ ರೇಂಜ್ |
|---|---|---|---|---|---|---|
| 0 | 302 | 296 | 300 | | | |
| 1 | 306 | 299 | 305 | 10 | 3 | 7 |
| 2 | 308 | 303 | 304 | 9 | 3 | 5 |
| 3 | 306 | 300 | 301 | 3 | 8 | 6 |
| 4 | 303 | 297 | 298 | 3 | 9 | 6 |
| 5 | 304 | 298 | 303 | 7 | 5 | 6 |
| 6 | 307 | 301 | 306 | 9 | 3 | 6 |

3ನೇ ದಿನ VM+ ಮೊತ್ತ 22, VM- ಮೊತ್ತ 14, ಟ್ರೂ ರೇಂಜ್ 18. VI+ 1.22, VI- 0.78, ಏರಿಕೆಯ ಗೆರೆ ಆರಾಮಾಗಿ ಮೇಲಿದೆ. 4ನೇ ದಿನ ಮೊತ್ತಗಳು 15, 20, 17 ಆಗುತ್ತವೆ. VI+ 0.88ಕ್ಕೆ ಇಳಿದು VI- 1.18ಕ್ಕೆ ಏರಿತು. ಇದೇ ಕ್ರಾಸ್: ಇಳಿಕೆಯ ಸೂಚನೆ.

ಇಲ್ಲಿ ನಿಂತು ಒಂದು ಮಾತು ಗಮನಿಸಬೇಕು, ಏಕೆಂದರೆ ಮುಂದಿನ ಎಲ್ಲ ಆಯ್ಕೆಯೂ ಇದರ ಮೇಲೆ ನಿಂತಿದೆ. ಎರಡೂ ಗೆರೆಗೆ ಭಾಜಕ ಒಂದೇ. ಹಾಗಾಗಿ ಯಾವ ಗೆರೆ ಮೇಲೆ ಎಂಬುದನ್ನು ಟ್ರೂ ರೇಂಜ್ ತೀರ್ಮಾನಿಸುವುದೇ ಇಲ್ಲ. VM+ ಮೊತ್ತ ದೊಡ್ಡದೋ VM- ಮೊತ್ತ ದೊಡ್ಡದೋ ಎಂಬುದಷ್ಟೇ ತೀರ್ಮಾನಿಸುತ್ತದೆ. ಟ್ರೂ ರೇಂಜಿನ ಕೆಲಸ ಗೆರೆಗಳ ನಡುವಿನ ಅಂತರವನ್ನು ಅಳತೆಗೆ ತರುವುದು ಮಾತ್ರ.

ಇನ್ನೂ ಒಂದು ಹೆಜ್ಜೆ ಹೋಗೋಣ. ಕನಿಷ್ಠದಿಂದ ಗರಿಷ್ಠದವರೆಗೆ ಚಾರ್ಟಿನಲ್ಲಿ ಕಾಣುವ ಇಂದಿನ ಪಟ್ಟಿಗೂ ನಿನ್ನೆಯ ಪಟ್ಟಿಗೂ ಸ್ವಲ್ಪವಾದರೂ ಒಂದರ ಮೇಲೊಂದು ಬೀಳುವ ಭಾಗ ಇದ್ದರೆ, VM+ನಲ್ಲಿ VM- ಕಳೆದಾಗ ಉಳಿಯುವುದು ಇಂದಿನ ಗರಿಷ್ಠ ಕೂಡು ಕನಿಷ್ಠ, ಅದರಲ್ಲಿ ನಿನ್ನೆಯ ಗರಿಷ್ಠ ಕೂಡು ಕನಿಷ್ಠ ಕಳೆದದ್ದು. ಇದನ್ನು ದಿನದಿಂದ ದಿನಕ್ಕೆ ಕೂಡುತ್ತ ಹೋದರೆ ನಡುವಿನ ದಿನಗಳೆಲ್ಲ ಒಂದಕ್ಕೊಂದು ವಜಾ ಆಗಿ ಎರಡು ತುದಿ ಮಾತ್ರ ಉಳಿಯುತ್ತವೆ. ಮೇಲಿನ ಲೆಕ್ಕದಲ್ಲೇ ನೋಡಿ: 4ನೇ ದಿನದ ಗರಿಷ್ಠ–ಕನಿಷ್ಠ ಕೂಡಿದರೆ 600, 1ನೇ ದಿನದ್ದು 605. ವ್ಯತ್ಯಾಸ ಮೈನಸ್ 5. VM ಮೊತ್ತಗಳ ವ್ಯತ್ಯಾಸವೂ 15ರಲ್ಲಿ 20 ಕಳೆದರೆ ಮೈನಸ್ 5. ಅಂದರೆ 14 ದಿನದ ವೊರ್ಟೆಕ್ಸ್ ಕ್ರಾಸ್ ಎಂದರೆ, ಪಟ್ಟಿಗಳ ನಡುವೆ ಗ್ಯಾಪ್ ಇಲ್ಲದ ಚಾರ್ಟಿನಲ್ಲಿ, ಇಂದಿನ ಗರಿಷ್ಠ–ಕನಿಷ್ಠದ ನಡುಬೆಲೆ 14 ದಿನದ ಹಿಂದಿನ ನಡುಬೆಲೆಯನ್ನು ದಾಟಿತು ಎಂದಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇದು ಗೊತ್ತಿದ್ದರೆ ಸುಳ್ಳು ಕ್ರಾಸ್ ಎಲ್ಲಿಂದ ಬರುತ್ತದೆ ಎಂದೂ ಗೊತ್ತಾಗುತ್ತದೆ. 3ನೇ ದಿನ ವ್ಯತ್ಯಾಸ ಪ್ಲಸ್ 8 ಇದ್ದದ್ದು 4ನೇ ದಿನ ಮೈನಸ್ 5 ಆಯಿತು, ಒಟ್ಟು 13ರ ಕುಸಿತ. ಅದರಲ್ಲಿ ಅವತ್ತಿನ ಬೆಲೆ ಇಳಿದದ್ದರಿಂದ ಬಂದದ್ದು 6. ಉಳಿದ 7, ಏರಿಕೆಯ 1ನೇ ದಿನ ಲೆಕ್ಕದಿಂದ ಹೊರಗೆ ಬಿದ್ದದ್ದರಿಂದ. ಅರ್ಧಕ್ಕಿಂತ ಹೆಚ್ಚು ಪಾಲು ಹಳೆಯ ದಿನದ್ದು! 4ನೇ ದಿನ ಬೆಲೆ ಬರೀ 1 ಸೆಂಟ್ ಜಾರಿ 305–299ರಲ್ಲಿ ನಿಂತಿದ್ದರೂ ಕ್ರಾಸ್ ಆಗಿಯೇ ಆಗುತ್ತಿತ್ತು: ಮೊತ್ತಗಳು 17 ಮತ್ತು 18, ಗೆರೆಗಳು 1.00 ಮತ್ತು 1.06. ಆದ್ದರಿಂದ ಕ್ರಾಸ್ ಕಂಡಾಗ ಇಂದಿನ ಪಟ್ಟಿಯನ್ನಷ್ಟೇ ನೋಡಬೇಡಿ, ಲೆಕ್ಕದಿಂದ ಅವತ್ತು ಹೊರಬಿದ್ದ ಪಟ್ಟಿಯನ್ನೂ ನೋಡಿ. 14ರ ಲೆಕ್ಕದಲ್ಲಿ ಅದು ಇಂದಿನಿಂದ ಹಿಂದಕ್ಕೆ 14ನೆಯದು. ಅಲ್ಲಿ ಉದ್ದನೆಯ ಏರಿಕೆಯ ಪಟ್ಟಿ ಇದ್ದು ಇಂದು ಬೆಲೆ ಹೆಚ್ಚು ಕದಲದಿದ್ದರೆ, ಆ ಕ್ರಾಸ್ ಇವತ್ತಿನ ಸುದ್ದಿಯಲ್ಲ.

ಓದುವ ಮೂರು ಬಗೆ

ಮೊದಲನೆಯದು ಮುಕ್ತಾಯದ ಓದು. ದಿನ ಮುಗಿದಾಗ ಗೆರೆ ದಾಟಿದ್ದರೆ ತೀರ್ಮಾನ. ಮೇಲಿನ ಲೆಕ್ಕದಲ್ಲಿ 4ನೇ ದಿನ 298ಕ್ಕೆ ಮಾರಾಟ. 5ನೇ ದಿನವೂ VI- ಮೇಲೇ ಇದೆ, ಆದರೆ ಬೆಲೆ ತಿರುಗಿದೆ. 6ನೇ ದಿನ ಮೊತ್ತಗಳು 19 ಮತ್ತು 17 ಆಗಿ ಗೆರೆ ವಾಪಸ್ ದಾಟಿತು, ಮುಕ್ತಾಯ 306. ಎರಡು ದಿನದಲ್ಲಿ 8 ಸೆಂಟ್ ಕೈಬಿಟ್ಟಂತೆ. ಪೌಂಡಿಗೆ 8 ಸೆಂಟ್ ಎಂದರೆ ಕೆಜಿಗೆ ಸುಮಾರು 17.6 ಸೆಂಟ್, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಕ್ಲೀನ್ ಕಾಫಿ ಕೆಜಿಗೆ 15 ರೂಪಾಯಿ. ಚೀಲಗಟ್ಟಲೆ ಲೆಕ್ಕ ಹಾಕಿದರೆ ಸಣ್ಣದಲ್ಲ.

ಈ ಓದಿನಲ್ಲಿ ನಮ್ಮ ಕಡೆಯವರು ಮಾಡುವ ತಪ್ಪು ಗಡಿಯಾರದ್ದು. ನ್ಯೂಯಾರ್ಕ್ ಅರೇಬಿಕಾ ವಹಿವಾಟು ನಮ್ಮ ಗಡಿಯಾರಕ್ಕೆ ಮಧ್ಯಾಹ್ನ ಶುರುವಾಗಿ ರಾತ್ರಿ 11ಕ್ಕೆ ಮುಗಿಯುತ್ತದೆ, ಅಲ್ಲಿ ಚಳಿಗಾಲದ ಸಮಯ ಇರುವಾಗ ರಾತ್ರಿ 12ಕ್ಕೆ. ನಮ್ಮ ಕುಯ್ಲು, ಒಣಗಿಸುವ ಕೆಲಸ ಎಲ್ಲ ಬರುವುದು ಆ ಚಳಿಗಾಲದಲ್ಲೇ. ಸಂಜೆ ಆರಕ್ಕೆ ಕಣ ಗುಡಿಸಿ ಬಂದು ಮೊಬೈಲ್ ತೆಗೆದಾಗ ಕಾಣುವ ಕ್ರಾಸ್ ಅರ್ಧ ಬೆಂದದ್ದು. ಗರಿಷ್ಠ, ಕನಿಷ್ಠ ಇನ್ನೂ ಬದಲಾಗುತ್ತಿರುತ್ತವೆ, ಬೆಳಗ್ಗೆ ಎದ್ದು ನೋಡಿದರೆ ಕ್ರಾಸ್ ಇದ್ದ ಗುರುತೂ ಇರುವುದಿಲ್ಲ. ದಿನದ ಚಾರ್ಟನ್ನು ಮರುದಿನ ಬೆಳಗ್ಗೆಯೇ ಓದಬೇಕು.

ಎರಡನೆಯದು ಬೋಟೆಸ್–ಸೀಪ್‌ಮನ್ ತಾವೇ ಹೇಳಿದ ಓದು, ಅನೇಕರು ಮರೆತೇಬಿಡುವುದು. ಕ್ರಾಸ್ ಆದ ದಿನದ ತುದಿಬೆಲೆಯನ್ನು ಬರೆದಿಟ್ಟುಕೊಳ್ಳಬೇಕು: ಮೇಲ್ಮುಖ ಕ್ರಾಸಿಗೆ ಆ ದಿನದ ಗರಿಷ್ಠ, ಕೆಳಮುಖ ಕ್ರಾಸಿಗೆ ಕನಿಷ್ಠ. ಬೆಲೆ ಆ ತುದಿಯನ್ನು ಮುರಿದಾಗ ಮಾತ್ರ ಸೂಚನೆ ಜಾರಿ. ಮುರಿಯುವವರೆಗೆ, ಗೆರೆ ವಾಪಸ್ ದಾಟದೆ ಇರುವಷ್ಟು ದಿನ, ಆ ಬೆಲೆಯನ್ನು ಹಾಗೇ ಇಟ್ಟುಕೊಂಡು ಕಾಯುವುದು. ನಮ್ಮ ಲೆಕ್ಕದಲ್ಲಿ 4ನೇ ದಿನದ ಕನಿಷ್ಠ 297. 5ನೇ ದಿನದ ಕನಿಷ್ಠ 298, ಮುರಿಯಲಿಲ್ಲ. 6ನೇ ದಿನ ಗೆರೆ ವಾಪಸ್ ಹೋಯಿತು, ಸೂಚನೆ ರದ್ದು. ಈ ಓದಿನವರು ಚೀಲವನ್ನು ಮುಟ್ಟಲೇ ಇಲ್ಲ.

ಇದಕ್ಕೆ ಕೊಡುವ ಬೆಲೆ ಎಷ್ಟು? ನಿಜವಾಗಿಯೂ ಇಳಿಕೆ ಮುಂದುವರಿದಿದ್ದರೆ 298ರ ಬದಲು 297ರ ಕೆಳಗೆ ಮಾರಬೇಕಾಗುತ್ತಿತ್ತು, ಸುಮಾರು 1 ಸೆಂಟ್ ನಷ್ಟ. 1 ಸೆಂಟ್ ಕೊಟ್ಟು 8 ಸೆಂಟಿನ ಎಡವಟ್ಟು ತಪ್ಪಿಸಿಕೊಂಡದ್ದು ಈ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಯಾವಾಗಲೂ ಇಷ್ಟು ಅಗ್ಗವಲ್ಲ. ಕ್ರಾಸ್ ಆದ ದಿನವೇ ಬೆಲೆ ತಳದಿಂದ ಬಹಳ ಮೇಲೆ ಮುಚ್ಚಿದ್ದರೆ ಮುಕ್ತಾಯಕ್ಕೂ ತಳಕ್ಕೂ ನಡುವೆ ದೊಡ್ಡ ಅಂತರ ಇರುತ್ತದೆ, ತಳ ಮುರಿಯುವಷ್ಟರಲ್ಲಿ ಅಷ್ಟನ್ನೂ ಬಿಟ್ಟುಕೊಟ್ಟಿರುತ್ತೀರಿ. ಆದರೂ ಮುಕ್ತಾಯ ಮೇಲಾಗಿದೆ ಎಂಬುದೇ ಅವತ್ತು ಕೊಳ್ಳುವವರು ಇದ್ದರು ಎಂಬ ಗುರುತು, ಹಾಗಾಗಿ ಅಂಥ ದಿನ ಕಾಯುವುದರಲ್ಲೇ ಅರ್ಥ ಹೆಚ್ಚು.

ಮೂರನೆಯದು ಅಂತರದ ಓದು. ಗೆರೆ ದಾಟಿದರೆ ಸಾಲದು, ಎರಡರ ನಡುವೆ ಇಷ್ಟು ಅಂತರ ಬರಬೇಕು ಎನ್ನುವುದು. ಕೆಲವರು ಒಂದು ಗೆರೆ 1.10ರ ಮೇಲೆ, ಇನ್ನೊಂದು 0.90ರ ಕೆಳಗೆ ಹೋಗುವವರೆಗೆ ಕಾಯುತ್ತಾರೆ. ಟ್ರೂ ರೇಂಜ್ ನಿಜವಾಗಿ ದುಡಿಯುವುದು ಇಲ್ಲಿ. ಅಂತರ ಎಂದರೆ 14 ದಿನದಲ್ಲಿ ನಡುಬೆಲೆ ಒಟ್ಟಾರೆ ಹೋದ ದೂರದ ಎರಡರಷ್ಟನ್ನು, ಹಿಂದೆ ಮುಂದೆ ಓಡಾಡಿದ ದೂರದಿಂದ ಭಾಗಿಸಿದ್ದು. ದಿನವೂ ಐದೈದು ಸೆಂಟ್ ಕುಣಿದು ಕೊನೆಗೆ ಇದ್ದಲ್ಲೇ ಇರುವ ಮಾರುಕಟ್ಟೆಯಲ್ಲಿ ಎರಡೂ ಗೆರೆ 1ರ ಸುತ್ತ ಹೆಣೆದುಕೊಂಡಿರುತ್ತವೆ. ಮೇಲೆ ಹೇಳಿದ 1 ಸೆಂಟ್ ಜಾರಿದ ಕ್ರಾಸಿನಲ್ಲಿ ಅಂತರ 0.06, ಕೋಷ್ಟಕದಲ್ಲಿರುವ 4ನೇ ದಿನ ಸುಮಾರು 0.3. ಎರಡೂ ಚಾರ್ಟಿನ ಮೇಲೆ ಕ್ರಾಸೇ, ಆದರೆ ಒಂದೇ ತೂಕದವಲ್ಲ. ಒಂದು ಎಚ್ಚರ: 3 ದಿನದ ಲೆಕ್ಕದಲ್ಲಿ ಅಂತರ ಸಹಜವಾಗಿಯೇ ದೊಡ್ಡದು. 14ರಲ್ಲಿ ಕ್ರಾಸ್ ಆದ ದಿನ ಅಂತರ ಸಣ್ಣದಾಗಿಯೇ ಇರುತ್ತದೆ, 0.20 ಬೇಕೆಂದು ಹಠ ಹಿಡಿದರೆ ಸೂಚನೆ ಬರುವಷ್ಟರಲ್ಲಿ ಇಳಿಕೆಯ ಒಳ್ಳೆಯ ಭಾಗ ಮುಗಿದಿರುತ್ತದೆ.

ಗೋದಾಮಿನಲ್ಲಿ ಸರಕಿಟ್ಟು ಮಾರುವವರಿಗೆ ನಮ್ಮ ಆಯ್ಕೆ ಎರಡನೆಯದು. ಸರಕು ಒಂದು ಸಲ ಹೋದರೆ ವಾಪಸ್ ಕೊಳ್ಳುವ ಮಾತಿಲ್ಲ, ಆದ್ದರಿಂದ ಸುಳ್ಳು ಸೂಚನೆಯ ಖರ್ಚು ತಡವಾದ ಸೂಚನೆಯ ಖರ್ಚಿಗಿಂತ ದೊಡ್ಡದು. ಆ ದಿನವೇ ಕೊಂಡು ಆ ವಾರವೇ ಮಾರುವ ಷೇರು ವ್ಯವಹಾರದವರಿಗೆ ಮೊದಲನೆಯದು ಸಾಕಾಗಬಹುದು, ಏಕೆಂದರೆ ಅವರು ತಪ್ಪನ್ನು ಮರುದಿನ ತಿದ್ದಿಕೊಳ್ಳುತ್ತಾರೆ. ಮೂರನೆಯದನ್ನು ಒಂಟಿಯಾಗಿ ಬಳಸುವುದಕ್ಕಿಂತ ಎರಡನೆಯದರ ಜೊತೆ ಇಟ್ಟುಕೊಳ್ಳುವುದು ವಾಸಿ: ತಳ ಮುರಿದಿದೆ, ಆದರೆ ಅಂತರ ಇನ್ನೂ 0.05 ಕೂಡ ಇಲ್ಲ ಎಂದರೆ ಎಲ್ಲ ಚೀಲ ಒಟ್ಟಿಗೆ ಕೊಡದೆ ಕಾಲು ಭಾಗ ಕೊಟ್ಟು ನೋಡುವುದು.

ದಿನಗಳ ಸಂಖ್ಯೆ 14 ಇರಲೋ, 21 ಅಥವಾ 30 ಇರಲೋ ಎಂಬುದು ಇದರಷ್ಟು ದೊಡ್ಡ ಪ್ರಶ್ನೆಯಲ್ಲ. ಸಂಖ್ಯೆ ಹೆಚ್ಚಿದಷ್ಟೂ ಕ್ರಾಸ್ ಕಡಿಮೆ, ತಡ ಹೆಚ್ಚು.

ವೊರ್ಟೆಕ್ಸೋ, ಡಿಎಂಐಯೋ?

ಎರಡರ ಚಿತ್ರವೂ ಒಂದೇ ಥರ ಕಾಣುತ್ತದೆ: ಎರಡು ಗೆರೆ, ಒಂದು ಕ್ರಾಸ್. ವೈಲ್ಡರ್ ಅವರ ಡಿಎಂಐ ಮಾತ್ರ ಇಂದಿನ ಗರಿಷ್ಠವನ್ನು ನಿನ್ನೆಯ ಗರಿಷ್ಠದ ಜೊತೆ, ಕನಿಷ್ಠವನ್ನು ಕನಿಷ್ಠದ ಜೊತೆ ಹೋಲಿಸಿ, ದೊಡ್ಡ ಕಡೆಗೆ ಮಾತ್ರ ಅಂಕ ಕೊಡುತ್ತದೆ, ಇನ್ನೊಂದು ಕಡೆಗೆ ಸೊನ್ನೆ. ವೊರ್ಟೆಕ್ಸ್ ಸಾಧಾರಣವಾಗಿ ಎರಡೂ ಕಡೆಗೆ ಅಂಕ ಕೊಡುತ್ತದೆ.

ವ್ಯತ್ಯಾಸ ಎದ್ದು ಕಾಣುವುದು ಗ್ಯಾಪ್ ದಿನ. ಬ್ರೆಜಿಲ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. 2021ರ ಜುಲೈಯಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿದಾಗ ಅರೇಬಿಕಾ ಬೆಲೆ ಹೇಗೆ ಹಾರಿತು ಎಂಬುದು ಇಲ್ಲಿನವರಿಗೆ ನೆನಪಿರುತ್ತದೆ. ಅಂಥದೊಂದು ಸುದ್ದಿ ಶನಿವಾರ–ಭಾನುವಾರ ಬಂತು ಎನ್ನಿ. ಶುಕ್ರವಾರ ಗರಿಷ್ಠ 304, ಕನಿಷ್ಠ 300, ಮುಕ್ತಾಯ 302. ಸೋಮವಾರ ಕನಿಷ್ಠವೇ 314, ಗರಿಷ್ಠ 318. ವೊರ್ಟೆಕ್ಸ್ ಲೆಕ್ಕದಲ್ಲಿ VM+ 18 ಸರಿ, ಆದರೆ VM- ಎಷ್ಟು? ಸೋಮವಾರದ ಕನಿಷ್ಠ 314, ಶುಕ್ರವಾರದ ಗರಿಷ್ಠ 304, ದೂರ 10. ಬೆಲೆ ನೆಗೆದ ದಿನವೇ ಇಳಿಕೆಯ ಖಾತೆಗೆ 10 ಜಮಾ! ಮೈನಸ್ ಚಿಹ್ನೆ ತೆಗೆದುಹಾಕುವುದರ ಫಲ ಇದು. ವ್ಯತ್ಯಾಸ ಉಳಿದದ್ದು 8. ಸೋಮವಾರ ಇನ್ನೂ 20 ಸೆಂಟ್ ಮೇಲೆ, 338–334ರಲ್ಲಿ ನಡೆದಿದ್ದರೂ 38ರಲ್ಲಿ 30 ಕಳೆದು ಅದೇ 8. ಅಂದರೆ ಪೂರ್ತಿ ಗ್ಯಾಪಿನ ಅಳತೆ ವೊರ್ಟೆಕ್ಸ್‌ಗೆ ತಿಳಿಯುವುದೇ ಇಲ್ಲ. ಡಿಎಂಐ ಮೊದಲ ಸಂದರ್ಭದಲ್ಲಿ ಮೇಲಕ್ಕೆ 14, ಕೆಳಕ್ಕೆ 0 ಕೊಡುತ್ತದೆ. ಎರಡನೆಯದರಲ್ಲಿ 34 ಮತ್ತು 0. ಹೀಗಾಗಿ ಆಗಾಗ ಪೂರ್ತಿ ಗ್ಯಾಪ್ ಬೀಳುವ ಚಾರ್ಟಿಗೆ ಡಿಎಂಐ ಹಾಕುವುದೇ ಸರಿ.

ಹಳೆಯ ದಿನ ಹೊರಗೆ ಬೀಳುವ ವಿಷಯದಲ್ಲೂ ಡಿಎಂಐ ಮೆತ್ತಗೆ. ಅದು ದಿನವೂ ಹಳೆಯ ಮೊತ್ತದ 14ನೇ ಒಂದು ಭಾಗ ಬಿಟ್ಟು ಹೊಸದನ್ನು ಸೇರಿಸುತ್ತದೆ. ಒಂದು ದೊಡ್ಡ ದಿನದ ಪ್ರಭಾವ 14 ದಿನದ ನಂತರವೂ ಸುಮಾರು 35 ಶೇಕಡಾ ಉಳಿದಿರುತ್ತದೆ. ವೊರ್ಟೆಕ್ಸ್‌ನಲ್ಲಿ 14ನೇ ದಿನದವರೆಗೆ ಪೂರ್ತಿ ತೂಕ, 15ನೇ ದಿನ ಸೊನ್ನೆ. ಆದ್ದರಿಂದ ಡಿಎಂಐಯಲ್ಲಿ ಕಾರಣವಿಲ್ಲದ ಕ್ರಾಸ್ ಕಡಿಮೆ, ಆದರೆ ತಿರುವು ಬಂದಾಗ ಹಳೆಯ ಓಟದ ನೆನಪು ಕಾಲಿಗೆ ತೊಡರುತ್ತದೆ. ಗ್ಯಾಪ್ ಕಡಿಮೆ ಇದ್ದು ತಿರುವು ಬೇಗ ಕಾಣಬೇಕು ಎನ್ನುವಲ್ಲಿ ವೊರ್ಟೆಕ್ಸ್ ಮೇಲು. ಇನ್ನೊಂದು ಅನುಕೂಲವೂ ಇದೆ: 14ರ ವೊರ್ಟೆಕ್ಸ್‌ಗೆ 15 ದಿನದ ಅಂಕಿ ಇದ್ದರೆ ಮುಗಿಯಿತು, ಯಾವ ಆ್ಯಪಿನಲ್ಲಿ ಮಾಡಿದರೂ ಒಂದೇ ಉತ್ತರ. ಡಿಎಂಐ ಹಿಂದಿನ ಎಷ್ಟು ದಿನದಿಂದ ಲೆಕ್ಕ ಶುರುವಾಯಿತು ಎಂಬುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ.

ಯಾವ ಚಾರ್ಟಿನ ಮೇಲೆ

ನ್ಯೂಯಾರ್ಕ್ ಅರೇಬಿಕಾದ KC1! ಎಂಬ ನಿರಂತರ ಚಾರ್ಟ್ ಒಂದೇ ಫ್ಯೂಚರ್ಸ್ ಕರಾರಿನದಲ್ಲ. ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ಡಿಸೆಂಬರ್ ಕರಾರುಗಳನ್ನು ಒಂದಕ್ಕೊಂದು ಹೊಲಿದದ್ದು. ಹೊಲಿಗೆ ಬಿದ್ದ ದಿನ ಹಳೆಯ ತಿಂಗಳ ಬೆಲೆಯಿಂದ ಹೊಸ ತಿಂಗಳ ಬೆಲೆಗೆ ಜಿಗಿತ ಕಾಣುತ್ತದೆ. ಮಾರುಕಟ್ಟೆಯಲ್ಲಿ ಯಾರೂ ಆ ಜಿಗಿತದಲ್ಲಿ ವ್ಯವಹಾರ ಮಾಡಿರುವುದಿಲ್ಲ, ಆದರೂ ಅದು VM, ಟ್ರೂ ರೇಂಜ್ ಎರಡಕ್ಕೂ ಸೇರಿ 14 ದಿನ ಉಳಿಯುತ್ತದೆ, ಬಿಟ್ಟುಹೋಗುವ ದಿನ ಇನ್ನೊಂದು ಸುಳ್ಳು ಅಲುಗಾಟ ಕೊಡುತ್ತದೆ. ಗುರುತಿಸುವುದು ಸುಲಭ: ಅದೇ ದಿನಾಂಕಕ್ಕೆ ಹೊಸ ತಿಂಗಳ ಕರಾರಿನ ಚಾರ್ಟ್ ಬೇರೆಯಾಗಿ ತೆರೆಯಿರಿ. ಅಲ್ಲಿ ಜಿಗಿತ ಇಲ್ಲದಿದ್ದರೆ ಅದು ಹೊಲಿಗೆಯೇ. ಅಂಥ ಎರಡು ವಾರ ಆ ಕರಾರಿನ ಚಾರ್ಟನ್ನೇ ನೋಡುವುದು ವಾಸಿ.

ಇನ್ನು ಊರಿನ ಬೆಲೆ. ಪೇಟೆಯಲ್ಲಿ ದಿನಕ್ಕೊಂದು ಬೆಲೆ ಹೇಳುತ್ತಾರೆ: ಪಾರ್ಚ್‌ಮೆಂಟ್ ಚೀಲಕ್ಕೆ ಇಷ್ಟು, ಚೆರಿಗೆ ಇಷ್ಟು, ಕಾಳುಮೆಣಸಿಗೆ ಕೆಜಿಗೆ ಇಷ್ಟು. ಇದನ್ನು ಶೀಟಿಗೆ ಹಾಕಿ ಗರಿಷ್ಠ, ಕನಿಷ್ಠ, ಮುಕ್ತಾಯ ಮೂರಕ್ಕೂ ಅದೇ ಅಂಕಿ ಕೊಟ್ಟು ವೊರ್ಟೆಕ್ಸ್ ಮಾಡಲು ಹೋದರೆ ಎರಡೂ ಗೆರೆ ಕದಲದೆ 1ರಲ್ಲೇ ನಿಲ್ಲುತ್ತವೆ. ಕಾರಣ ಸರಳ: VM+, VM-, ಟ್ರೂ ರೇಂಜ್ ಮೂರೂ ನಿನ್ನೆಗೂ ಇವತ್ತಿಗೂ ಇರುವ ಒಂದೇ ವ್ಯತ್ಯಾಸ ಆಗಿಬಿಡುತ್ತವೆ. 14 ದಿನ ಬೆಲೆ ಬದಲಾಗದಿದ್ದರಂತೂ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ #DIV/0! ಬರುತ್ತದೆ. ಶೀಟ್ ಕೆಟ್ಟಿದೆ ಎಂದು ಸೂತ್ರ ತಿದ್ದುತ್ತ ಕೂರಬೇಡಿ, ಸೂತ್ರ ಸರಿಯಿದೆ.

ವಾರದ ಆರು ದಿನದ ಬೆಲೆಯಲ್ಲಿ ದೊಡ್ಡದನ್ನು ಗರಿಷ್ಠ, ಚಿಕ್ಕದನ್ನು ಕನಿಷ್ಠ, ಶನಿವಾರದ್ದನ್ನು ಮುಕ್ತಾಯ ಮಾಡಿ ವಾರದ ಪಟ್ಟಿ ಕಟ್ಟಿದರೆ ಗೆರೆಗಳಿಗೆ ಜೀವ ಬರುತ್ತದೆ. ಆದರೆ ಊರಿನ ಬೆಲೆ ಒಂದು ವಾರ ಒಂದೇ ಕಡೆ ನಿಂತು ಮುಂದಿನ ವಾರ ಮೆಟ್ಟಿಲು ಹತ್ತಿದಂತೆ ಹತ್ತುವುದು ಮಾಮೂಲು. ಆಗ ವಾರದ ಪಟ್ಟಿಗಳು ಒಂದನ್ನೊಂದು ಮುಟ್ಟದೆ ಮತ್ತೆ ಆ ಗ್ಯಾಪಿನ ದೋಷವೇ ಬರುತ್ತದೆ. ಕಾಳುಮೆಣಸಿನಂಥ ಒಂದೇ ಬೆಲೆಯ ಸರಕಿಗೆ ವೊರ್ಟೆಕ್ಸ್ ಬಿಟ್ಟು, ಈ ವಾರದ ಬೆಲೆಯನ್ನು 14 ವಾರದ ಹಿಂದಿನ ಬೆಲೆಯ ಪಕ್ಕ ಬರೆದುಕೊಳ್ಳುವುದೇ ಒಳ್ಳೆಯದು. ಗೆರೆ ದಾಟುವುದು ತಿಳಿಸುವ ಮಾತೂ ಅಷ್ಟೇ.